ಕಲ್ಲಿನ ಮೇಲೆ ಮಣ್ಣು ಕಟ್ಟಿದ ಲೆಕ್ಕ

ನಮ್ಮ ಚಾಮರಾಜನಗರದ ಕರಿಕಲ್ಲು ಬಹಳ ದೂರ ಹೋಗಿದೆ. ಬೆಂಗಳೂರಿನ ಮನೆಗಳ ಅಡುಗೆಕಟ್ಟೆಯ ಮೇಲೂ ಇದೆ, ಹೊರದೇಶಗಳ ಸಮಾಧಿಗಳ ಮೇಲೂ ಇದೆ. ಬಹು ಹಿಂದೆ ಭೂಮಿಯೊಳಗಿನ ಕರಗಿದ ಕಲ್ಲು ಹಳೆಯ ಬಂಡೆಗಳ ಬಿರುಕಿನಲ್ಲಿ ನುಗ್ಗಿ ಮೇಲೆದ್ದು ತಣ್ಣಗಾಯಿತು. ಹಾಗಾಗಿ ಕರಿಕಲ್ಲು ನೆಲದೊಳಗೆ ಹೂತಿಟ್ಟ ಉದ್ದನೆಯ ಗೋಡೆಯಂತೆ ಇರುತ್ತದೆ. ಅದನ್ನು ತೆಗೆಯುವವರು ಆ ಗೋಡೆಯ ಜಾಡು ಹಿಡಿದೇ ಕೆಳಗಿಳಿಯುತ್ತಾರೆ. ಗುಂಡ್ಲುಪೇಟೆ ಕಡೆ ಬಿಳಿಕಲ್ಲು ಹೆಚ್ಚು. ಅದು ಜಲ್ಲಿಗೆ, ಪಾಯಕ್ಕೆ ಹೋಗುತ್ತದೆ. ಬಣ್ಣ ಯಾವುದಾದರೂ ಕಲ್ಲು ತೆಗೆದವರು ಹೊರಟುಹೋದ ಮೇಲೆ ಉಳಿಯುವುದು ಒಂದೇ ನೋಟ. ಒಂದು ಕಡೆ ನೀರು ತುಂಬಿದ ಆಳದ ಗುಂಡಿ. ಅದರ ಪಕ್ಕದಲ್ಲಿ ಲಾರಿ ಓಡಾಡಿ ಸಿಮೆಂಟಿನಂತೆ ಗಟ್ಟಿಯಾದ ನೆಲ. ಅದರಾಚೆ ಬಿರುಕಿದೆ, ಗೆರೆಯಿದೆ ಎಂದು ಬಿಸಾಡಿದ ಕಲ್ಲಿನ ರಾಶಿ.

ನಮ್ಮ ಊರಿನ ಹತ್ತಿರವೂ ಅಂಥದೊಂದು ಕ್ವಾರಿ ಇದೆ. ನಾನು ಚಿಕ್ಕವನಿದ್ದಾಗ ಅದು ದನ ಮೇಯಿಸುವ ಗುಡ್ಡ. ಕೆಲಸ ನಿಂತು ಹದಿನೈದು ವರ್ಷವಾಗಿತ್ತು. ಒಮ್ಮೆ ಯಾರೋ ಬಂದು ಮುನ್ನೂರು ಸಸಿ ನೆಟ್ಟು, ಫೋಟೊ ತೆಗೆದುಕೊಂಡು ಹೋದರು. ಮಾರನೆಯ ಶಿವರಾತ್ರಿಯ ಹೊತ್ತಿಗೆ ಒಂದೂ ಇರಲಿಲ್ಲ. 2022ರ ಮಾರ್ಚಿನಲ್ಲಿ ನಮ್ಮದೇ ತಾಲ್ಲೂಕಿನ ಮಡಹಳ್ಳಿಯ ಗುಡ್ಡದಲ್ಲಿ ಕ್ವಾರಿ ಕುಸಿದು ಕೂಲಿ ಮಾಡುತ್ತಿದ್ದವರು ಸತ್ತರು. ಆಮೇಲೆ ಊರಲ್ಲಿ ಎಲ್ಲರಿಗೂ ನಮ್ಮ ಹಳೇ ಗುಂಡಿಯ ಚಿಂತೆ ಶುರುವಾಯಿತು. ಶಾಲೆಯ ಹುಡುಗರು ಅದರ ಅಂಚಿನಲ್ಲೇ ಕ್ರಿಕೆಟ್ ಆಡುತ್ತಿದ್ದರು. ಪಂಚಾಯಿತಿಯಿಂದ ಅನುಮತಿ ಪತ್ರ ಪಡೆದು ನಾವು ನಾಲ್ಕೈದು ಜನ ಮುದುಕರು ಮತ್ತು ಶಾಲೆಯ ಮಕ್ಕಳು ಸೇರಿ ಅರ್ಧ ಎಕರೆಯನ್ನು ಕೈಗೆತ್ತಿಕೊಂಡೆವು. ಗುಂಡಿಯ ಸುತ್ತ ಹತ್ತು ಅಡಿ ಬಿಟ್ಟು ಮುಳ್ಳುಬೇಲಿ ಹಾಕಿಸಿದ್ದು ಮೊದಲ ಕೆಲಸ. ಆ ಬೇಲಿಯೊಳಗೆ ಮಕ್ಕಳಾರೂ ಕಾಲಿಡಬಾರದು ಎಂಬುದು ಇವತ್ತಿಗೂ ನಿಯಮ.

ಬಂಡೆಯ ಮೇಲೆ ಗಿಡ ಏಕೆ ಬೆಳೆಯುವುದಿಲ್ಲ? ಮೊಮ್ಮಗಳು ಕೇಳಿದಳು, "ತಾತ, ಕಲ್ಲಿನಲ್ಲಿ ಗಿಡಕ್ಕೆ ಊಟವೇ ಇಲ್ವಾ?" ಇದೆ. ಕಲ್ಲಿನಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶ ಇದೆ, ಕಬ್ಬಿಣ ಇದೆ. ಇಲ್ಲದಿರುವುದು ಎರಡು. ಒಂದು, ಬಿದ್ದ ಮಳೆಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ. ಇನ್ನೊಂದು, ಸಾರಜನಕ. ಎಲೆ ಹಸಿರಾಗಿರಲು ಬೇಕಾದ ಈ ಸಾರಜನಕ ಕಲ್ಲಿನಿಂದ ಬರುವುದಿಲ್ಲ, ಗಾಳಿಯಿಂದಲೇ ಬರಬೇಕು. ಗಾಳಿಯಲ್ಲಿ ಅದು ಬೇಕಾದಷ್ಟಿದ್ದರೂ ಗಿಡಗಳಿಗೆ ನೇರವಾಗಿ ತೆಗೆದುಕೊಳ್ಳಲು ಬರುವುದಿಲ್ಲ.

ಪ್ರಕೃತಿ ಈ ಕೆಲಸವನ್ನು ತಾನೇ ಮಾಡುತ್ತದೆ, ಆದರೆ ಅದಕ್ಕೆ ಅವಸರವಿಲ್ಲ. ಅಜ್ಜಿಯರು ಸಾರಿನ ಪುಡಿಗೆ, ಮಸಾಲೆಗೆ ಹಾಕುವ ಕಲ್ಲುಹೂವನ್ನು ನೋಡಿದ್ದೀರಲ್ಲ? ಅದರ ಬಳಗದವರೇ ಬರೀ ಬಂಡೆಯ ಮೇಲೆ ಮೊದಲು ಬಂದು ಕೂರುವ ಜೀವಿಗಳು. ಅವು ಸಣ್ಣಗೆ ಹುಳಿ ಬಿಟ್ಟು ಕಲ್ಲನ್ನು ಕೆರೆಯುತ್ತವೆ. ಸತ್ತು ಪುಡಿಯಾಗುತ್ತವೆ. ಆ ಪುಡಿಯಲ್ಲಿ ಪಾಚಿ, ಪಾಚಿಯ ಮೇಲೆ ಹುಲ್ಲು, ಹುಲ್ಲಿನ ಬುಡದಲ್ಲಿ ಒಂದು ಗಿಡ ಹೀಗೆ ನಡೆಯುತ್ತದೆ. ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ನಾವು ಮಾಡಲು ಹೊರಟಿದ್ದು ಅದೇ ಕ್ರಮವನ್ನು ಸ್ವಲ್ಪ ಬೇಗ ನಡೆಸುವ ಕೆಲಸ.

ಮೊದಲ ಪ್ರಶ್ನೆ, ಎಲ್ಲಿ ನೆಡುವುದು? ರಾಜಸ್ಥಾನದ ಜೋಧಪುರದಲ್ಲಿ ಮೆಹ್ರಾನ್‌ಗಢ ಕೋಟೆಯ ಕೆಳಗೆ ರಾವ್ ಜೋಧಾ ಮರುಭೂಮಿ ಶಿಲೋದ್ಯಾನ ಎಂದಿದೆ. 2006ರಲ್ಲಿ ಪ್ರದೀಪ್ ಕೃಷನ್ ಅವರು ಅಲ್ಲಿನ ಬರೀ ಬಂಡೆಯ ಮೇಲೆ ಆ ಸೀಮೆಯದೇ ಗಿಡಗಳನ್ನು ಬೆಳೆಸಲು ಆರಂಭಿಸಿದರು. ಅವರಿಗೆ ನೆರವಾದವರು ತಲೆಮಾರುಗಳಿಂದ ಕಲ್ಲುಗಣಿಯಲ್ಲಿ ದುಡಿದ ಜನ. ಅವರು ಬಂಡೆಯನ್ನು ಕುಟ್ಟಿ, ಶಬ್ದ ಕೇಳಿ, ಎಲ್ಲಿ ಬಿರುಕಿದೆ ಎಂದು ಹೇಳುತ್ತಿದ್ದರು. ಬಿರುಕಿದ್ದ ಕಡೆ ಬೇರು ಇಳಿಯುತ್ತದೆ, ಮಳೆಯ ನೀರೂ ಇಳಿಯುತ್ತದೆ.

ನಮ್ಮಲ್ಲೂ ಅಂಥವರು ಒಬ್ಬರಿದ್ದರು. ಇದೇ ಕ್ವಾರಿಯಲ್ಲಿ ಇಪ್ಪತ್ತು ವರ್ಷ ಸುತ್ತಿಗೆ ಹಿಡಿದಿದ್ದ, ನನ್ನ ವಯಸ್ಸಿನವರೇ ಆದ ಅಣ್ಣ. ಹಾರೆಯಿಂದ ನೆಲ ಕುಟ್ಟುತ್ತಾ ನಡೆದು, "ಇಲ್ಲಿ ಗಟ್ಟಿ ಸಾಮಿ, ಬಿಡಿ. ಇಲ್ಲಿ ಟೊಳ್ಳದೆ, ಗುರುತು ಹಾಕಿ" ಎನ್ನುತ್ತಿದ್ದರು. ಗಟ್ಟಿ ಕಡೆ ಟಣ್ ಎನ್ನುವ ಸದ್ದು, ಬಿರುಕಿದ್ದ ಕಡೆ ದಬ್ ಎನ್ನುವ ಸದ್ದು. ಮಕ್ಕಳು ಒಂದೇ ದಿನದಲ್ಲಿ ಕಲಿತರು. ಹೀಗೆ ಇನ್ನೂರು ಜಾಗ ಗುರುತಾಯಿತು. ಸಾಲು ಸಾಲಾಗಿ, ಇಷ್ಟು ಅಡಿಗೊಂದು ಎಂದು ಬರಲಿಲ್ಲ. ಒಂದು ಕಡೆ ಹತ್ತು ಒತ್ತೊತ್ತಾಗಿ, ಇನ್ನೊಂದು ಕಡೆ ಏನೂ ಇಲ್ಲ.

ಗುರುತು ಹಾಕಿದ ಕಡೆ ಒಂದೂವರೆ ಅಡಿ ಗುಂಡಿ ತೋಡಿ, ಒಂದು ಕೊಡ ನೀರು ಸುರಿದು ನೋಡಿದೆವು. ನೀರು ಎರಡು ದಿನವಾದರೂ ಇಂಗದಿದ್ದರೆ ಅಲ್ಲಿ ಬೇರು ಕೊಳೆಯುತ್ತದೆ. ಅಂಥ ಗುಂಡಿಯ ತಳವನ್ನು ಹಾರೆಯಿಂದ ಮತ್ತೆ ಒಡೆಯಬೇಕು, ಇಲ್ಲವೇ ಜಾಗ ಬಿಡಬೇಕು. ನೋಡನೋಡುತ್ತಲೇ ನೀರು ಮಾಯವಾದರೆ ಅಲ್ಲಿ ಮಣ್ಣಿನ ಮಿಶ್ರಣದಲ್ಲಿ ಜೇಡಿಯ ಪಾಲು ಹೆಚ್ಚಿರಬೇಕು. ರಾತ್ರಿ ಸುರಿದದ್ದು ಬೆಳಿಗ್ಗೆಗೆ ಇಂಗಿದ್ದರೆ ಸರಿಯಾದ ಗುಂಡಿ. ಇಳಿಜಾರಿನಲ್ಲಿ ಪ್ರತಿ ಗುಂಡಿಯ ಕೆಳಬದಿಗೆ ಅರ್ಧಚಂದ್ರದ ಆಕಾರದಲ್ಲಿ ಬಿಸಾಡಿದ ಕಲ್ಲುಗಳನ್ನೇ ಜೋಡಿಸಿದೆವು. ಮೇಲಿನಿಂದ ಹರಿದು ಬರುವ ಮಳೆನೀರು, ಅದರ ಜೊತೆ ಬರುವ ಪುಡಿಮಣ್ಣು, ಒಣ ಎಲೆ, ಬೀಜ ಎಲ್ಲವೂ ಅಲ್ಲಿ ತಂಗುತ್ತವೆ.

ಇನ್ನು ಮಣ್ಣಿನ ಮಾತು. ಯಾರೋ ಹೇಳಿದರು, ಇಡೀ ಅರ್ಧ ಎಕರೆಗೆ ಅರ್ಧ ಅಡಿ ಮಣ್ಣು ಹೊಡೆಸಿಬಿಡಿ ಎಂದು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು, ಲೆಕ್ಕ ಹಾಕದೆ ಇರಲಾರೆ. ಅರ್ಧ ಎಕರೆ ಎಂದರೆ 21,780 ಚದರ ಅಡಿ. ಅರ್ಧ ಅಡಿ ದಪ್ಪಕ್ಕೆ 10,890 ಘನ ಅಡಿ ಮಣ್ಣು. ಒಂದು ಟ್ರ್ಯಾಕ್ಟರ್ ಲೋಡಿಗೆ ನೂರು ಘನ ಅಡಿ ಎಂದರೂ ನೂರಾ ಒಂಬತ್ತು ಲೋಡು! ಅಷ್ಟನ್ನು ತರುವುದಾದರೂ ಎಲ್ಲಿಂದ? ಯಾರದೋ ಹೊಲದ ಮೇಲ್ಮಣ್ಣು ಕೆರೆದು ತಂದರೆ ಇಲ್ಲಿನ ಗುಂಡಿ ಅಲ್ಲಿಗೆ ಹೋಯಿತು ಅಷ್ಟೇ.

ಅದರ ಬದಲು ಗುಂಡಿಗಳಿಗೆ ಮಾತ್ರ ಮಣ್ಣು ಎಂದು ತೀರ್ಮಾನವಾಯಿತು. ಉದ್ದ, ಅಗಲ, ಆಳ ಒಂದೂವರೆ ಅಡಿಯ ಗುಂಡಿಗೆ ಸುಮಾರು ಮೂರೂಕಾಲು ಘನ ಅಡಿ ಹಿಡಿಯುತ್ತದೆ. ಇನ್ನೂರಕ್ಕೆ ಏಳು ಲೋಡಿನೊಳಗೆ ಮುಗಿಯುತ್ತದೆ. ಅದರಲ್ಲೂ ಐದು ಬಾಂಡ್ಲಿಗೆ ಎರಡು ಬಾಂಡ್ಲಿ ಕ್ವಾರಿಯಲ್ಲೇ ಬಿದ್ದಿದ್ದ ಕಲ್ಲುಪುಡಿ, ಎರಡು ಬಾಂಡ್ಲಿ ಕೆರೆಯ ಗೋಡು, ಒಂದು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಬೇಸಿಗೆಯಲ್ಲಿ ಊರ ಕೆರೆಯ ಹೂಳೆತ್ತುವಾಗ ಮೂರು ಟ್ರ್ಯಾಕ್ಟರ್ ಗೋಡು ಸಿಕ್ಕಿತು. ಒಂದೂವರೆ ಲೋಡಿನಷ್ಟು ಗೊಬ್ಬರ ಮನೆಮನೆಯಿಂದ ಬಂತು. ಲೆಕ್ಕ ಅಲ್ಲಿಗೆ ಸರಿಹೋಯಿತು.

ಈ ಮೂರರಲ್ಲಿ ಒಂದು ಬಿಟ್ಟರೂ ಕೆಲಸ ಕೆಡುತ್ತದೆ. ಬರೀ ಕಲ್ಲುಪುಡಿ ನೀರು ಹಿಡಿಯುವುದಿಲ್ಲ. ಬರೀ ಗೋಡು ಬೇಸಿಗೆಯಲ್ಲಿ ಬಿರಿದು ಬೇರನ್ನೇ ಹರಿಯುತ್ತದೆ. ಎರಡನ್ನೂ ಗೊಬ್ಬರವಿಲ್ಲದೆ ಕಲಸಿದರೆ ಇಟ್ಟಿಗೆಯಾಗುತ್ತದೆ. ಪರೀಕ್ಷೆ ಸುಲಭ. ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಬೇಕು. ಉಂಡೆಯೇ ಕಟ್ಟದಿದ್ದರೆ ಗೋಡು ಸಾಲದು. ಒತ್ತಿದರೂ ಒಡೆಯದೆ ಬೆರಳಚ್ಚು ಮೂಡಿದರೆ ಗೋಡು ಹೆಚ್ಚಾಗಿದೆ. ರವೆ ಉಂಡೆಯ ಹಾಗೆ ಉದುರುದುರಾಗಿ ಬಿಟ್ಟುಕೊಂಡರೆ ಹದ ಬಂದಿದೆ ಎಂದರ್ಥ. ಇದನ್ನು ಹೇಳಿಕೊಟ್ಟ ಮೇಲೆ ನಮ್ಮ ಹೆಣ್ಣುಮಕ್ಕಳು ಗಂಡಸರಿಗಿಂತ ಬೇಗ ಹದ ಹಿಡಿದರು.

ಮಣ್ಣು ತುಂಬಿದ ತಕ್ಷಣ ಸಸಿ ನೆಡಲಿಲ್ಲ. ಮೇ ತಿಂಗಳ ಮಳೆಗೆ ಗುಂಡಿಗೊಂದು ಚಿಟಿಕೆ ಸೆಣಬಿನ ಬೀಜ, ನಾಲ್ಕು ಕಾಳು ಅಲಸಂದೆ ಹಾಕಿದೆವು. ಕಲ್ಲುಸಾಲಿನ ಹಿಂದೆಯೂ ಎರಚಿದೆವು. ಜೊತೆಗೆ ಹಳೆಯ ಹೊಂಗೆಮರದ ಬುಡದಿಂದ ತಂದ ಮಣ್ಣು ಒಂದೊಂದು ಹಿಡಿ. ಏಕೆಂದರೆ ಸತ್ತ ಕಲ್ಲುಪುಡಿಯಲ್ಲಿ ಇಲ್ಲದ, ಕಣ್ಣಿಗೆ ಕಾಣದ ಜೀವಿಗಳು ಆ ಹಿಡಿಮಣ್ಣಿನಲ್ಲಿ ಇರುತ್ತವೆ. ಅವುಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಸೆಣಬು, ಅಲಸಂದೆ, ಹುರುಳಿಯಂಥ ದ್ವಿದಳ ಗಿಡಗಳ ಬೇರಿನಲ್ಲಿ ಗಂಟು ಕಟ್ಟಿಕೊಂಡು ವಾಸ ಮಾಡುತ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ, ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪದಲ್ಲಿ ಕೊಡುತ್ತವೆ.

ಮಕ್ಕಳೇ, ಇದನ್ನು ನೀವೇ ನೋಡಬಹುದು. ತಿಂಗಳು ತುಂಬಿದ ಅಲಸಂದೆ ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಎತ್ತಿ ನೀರಿನಲ್ಲಿ ತೊಳೆಯಿರಿ. ಬೇರಿನಲ್ಲಿ ಸಾಸಿವೆ, ಕೊತ್ತಂಬರಿ ಬೀಜದಷ್ಟು ದಪ್ಪದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ಒಳಗೆ ಕೆಲಸ ನಡೆಯುತ್ತಿದೆ. ನಮ್ಮ ರಕ್ತಕ್ಕೆ ಕೆಂಪು ಕೊಡುವ ವಸ್ತುವಿನ ದಾಯಾದಿಯೇ ಆ ಬಣ್ಣಕ್ಕೂ ಕಾರಣ. ಒಳಗೆ ಬಿಳಿ ಅಥವಾ ಹಸಿರಿದ್ದರೆ ಆ ಗಂಟು ಇನ್ನೂ ಶುರುಮಾಡಿಲ್ಲ, ಇಲ್ಲವೇ ಕೆಲಸ ಮುಗಿಸಿದೆ. ನಮ್ಮ ಶಾಲೆಯ ಮಕ್ಕಳು ಇಪ್ಪತ್ತು ಗಿಡ ಕಿತ್ತು ನೋಡಿದರು. ಹೊಂಗೆಬುಡದ ಮಣ್ಣು ಹಾಕಿದ ಗುಂಡಿಗಳಲ್ಲಿ ಕೆಂಪು ಗಂಟು ಹೇರಳ. ಬೇಕೆಂದೇ ಹಾಕದೆ ಬಿಟ್ಟಿದ್ದ ಗುಂಡಿಗಳಲ್ಲಿ ಗಿಡ ಹಳದಿ, ಗಂಟು ಎಲ್ಲೋ ಒಂದೆರಡು.

ಸೆಣಬು ಹಳದಿ ಹೂ ಬಿಟ್ಟ ಕೂಡಲೇ, ಸುಮಾರು ಐವತ್ತನೆಯ ದಿನಕ್ಕೆ, ಕೊಯ್ದು ಅಲ್ಲೇ ಹಾಸಿದೆವು. ನೋಡಿದ ರೈತರಿಗೆ ಸಂಕಟ. "ಅಲಸಂದೆ ಕಾಯಿ ಕಚ್ಚೋ ಹೊತ್ತಲ್ಲಿ ಕೂದಾಕ್ತಿದ್ದೀರಲ್ಲ ಸಾಮಿ!" ಎಂದರು. ಆದರೆ ಕಾಳು ಕಟ್ಟಿದರೆ ಎಲೆ, ಕಾಂಡದಲ್ಲಿರುವ ಸಾರಜನಕದ ಬಹುಪಾಲು ಕಾಳಿಗೆ ಹೋಗುತ್ತದೆ. ಕಾಳನ್ನು ನಾವು ತಿಂದರೆ ಮಣ್ಣಿಗೆ ಹೆಚ್ಚೇನೂ ಉಳಿಯದು. ಹೊಸ ಖಾತೆಯಲ್ಲಿ ಮೊದಲ ವರ್ಷ ಜಮಾ ಮಾತ್ರ ಮಾಡಬೇಕು, ಹಣ ತೆಗೆಯಬಾರದು. ಬೇರನ್ನು ಕೀಳದೆ ಮಣ್ಣಿನಲ್ಲೇ ಬಿಟ್ಟೆವು. ಅದು ಕೊಳೆತ ದಾರಿಯಲ್ಲೇ ಮುಂದೆ ಗಾಳಿ, ನೀರು ಇಳಿಯುತ್ತದೆ.

ಸಸಿ ನೆಟ್ಟಿದ್ದು ಸೆಪ್ಟೆಂಬರಿನಲ್ಲಿ. ನಮ್ಮ ಸೀಮೆಯ ಮಳೆ ಮಲೆನಾಡಿನ ಮಳೆಯಂತಲ್ಲ. ಮೇ ತಿಂಗಳಲ್ಲಿ ಒಂದಷ್ಟು ಸುರಿದು, ಜೂನ್ ಜುಲೈನಲ್ಲಿ ಬರೀ ಗಾಳಿ ಬೀಸಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮತ್ತೆ ಚೆನ್ನಾಗಿ ಬರುತ್ತದೆ. ಜುಲೈನ ವನಮಹೋತ್ಸವದಲ್ಲಿ ನೆಟ್ಟ ಎಳೆ ಸಸಿ ಆ ಒಣಗಾಳಿಗೆ ಸಿಕ್ಕಿ ಸುಟ್ಟುಹೋಗುತ್ತದೆ. ಸೆಪ್ಟೆಂಬರಿನ ಸಸಿಗೆ ಬೇರೂರಲು ಮೂರು ತಿಂಗಳ ತೇವ ಸಿಗುತ್ತದೆ. ಗುಂಡಿಗಳ ನಡುವಿನ ಜಾಗಕ್ಕೆ ಹಿಂಗಾರಿನ ಹುರುಳಿ ಎರಚಿದೆವು. ಅದು ನೆಲಕ್ಕೆ ಹೊದಿಕೆ.

ಯಾವ ಗಿಡ ಎಂಬುದರಲ್ಲಿ ಬಹಳ ಚರ್ಚೆ ನಡೆಯಿತು. ಮಾವು, ಹಲಸು, ನೇರಳೆ ಎಂದು ಎಲ್ಲರಿಗೂ ಆಸೆ. ಆದರೆ ಅವು ಮನೆ ಕಟ್ಟಿದ ಮೇಲೆ ಬರುವ ನೆಂಟರು. ಈಗ ಬೇಕಾದದ್ದು ಪಾಯ ತೋಡುವ ಆಳುಗಳು. ಕ್ವಾರಿಯ ಸುತ್ತ ಒಂದು ಸುತ್ತು ಬಂದು, ಯಾರೂ ನೆಡದೆ ಬಿರುಕುಗಳಲ್ಲಿ ತಾವಾಗಿ ಹುಟ್ಟಿದ ಗಿಡಗಳ ಪಟ್ಟಿ ಮಾಡಿದೆವು. ತಂಗಡಿ, ಬಂದರಿಕೆ, ಎಕ್ಕ, ಕಗ್ಗಲಿ ಎಲ್ಲೆಲ್ಲೂ ಇದ್ದವು. ಈ ಪಟ್ಟಿಯೇ ನಮಗೆ ದಾರಿ ತೋರಿಸಿತು.

ಇನ್ನೂರರಲ್ಲಿ ಅರವತ್ತು ತಂಗಡಿ, ಐವತ್ತು ಬಂದರಿಕೆ ಇಟ್ಟೆವು. ಇವೆರಡಕ್ಕೂ ಒಂದು ದೊಡ್ಡ ಗುಣವಿದೆ, ಮೇಕೆ ಬಾಯಿ ಹಾಕುವುದಿಲ್ಲ. ಕಡಿಮೆ ನೀರಿನಲ್ಲಿ ಬದುಕುತ್ತವೆ, ಎಲೆ ಉದುರಿಸುತ್ತವೆ, ಬುಡದಲ್ಲಿ ನೆರಳು ಕೊಡುತ್ತವೆ. ತಂಗಡಿಯ ವಿಷಯದಲ್ಲಿ ಒಂದು ಮಾತು. ಅದಕ್ಕೂ ಕಾಯಿ ಇದೆ, ದ್ವಿದಳ ಜಾತಿಯದೇ, ಹಾಗಾಗಿ ಅದೂ ಸಾರಜನಕ ಹಿಡಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಆದರೆ ಅದರ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ಆ ಕೆಲಸಕ್ಕೆ ಮೂವತ್ತು ಹೊಂಗೆ, ಮೂವತ್ತು ಕಗ್ಗಲಿ, ಹದಿನೈದು ಮುತ್ತುಗ ಬಂದವು. ಉಳಿದ ಹದಿನೈದು ಬೇವು. ತಂಗಡಿ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಒಲೆಯಿಂದ ಇಳಿಸಿದ ನೀರಿನಲ್ಲಿ ಹಾಕಿ, ಅದೇ ನೀರು ಆರುತ್ತಾ ರಾತ್ರಿಯಿಡೀ ನೆನೆದ ಮೇಲೆ ಬಿತ್ತಿದರೆ ಮೊಳೆಯುತ್ತದೆ.

ಬೇಡ ಎಂದು ಬಿಟ್ಟ ಗಿಡಗಳ ಪಟ್ಟಿಯೂ ಇದೆ. ಬಳ್ಳಾರಿ ಜಾಲಿ, ಸುಬಾಬುಲ್ ಕಲ್ಲಿನ ಮೇಲೂ ಸಲೀಸಾಗಿ ಬರುತ್ತವೆ ನಿಜ. ಬಂದ ಮೇಲೆ ಹೋಗುವುದಿಲ್ಲ. ಪಕ್ಕದಲ್ಲೇ ಬಂಡೀಪುರವಿದೆ. ಅಲ್ಲಿ ಲಂಟಾನ, ಹಳದಿ ಹೂವಿನ ಸೆನ್ನಾ ಹಬ್ಬಿ ಜಿಂಕೆ, ಆನೆಗಳಿಗೆ ಬೇಕಾದ ಹುಲ್ಲನ್ನು ನುಂಗಿರುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಇನ್ನೊಂದು ಅಂಥ ಗಿಡಕ್ಕೆ ನಾವೇ ಬಾಗಿಲು ತೆರೆಯಬಾರದು. ಕಡಿದ ಲಂಟಾನವನ್ನು ಮಾತ್ರ ಬಳಸಿದೆವು. ಕಾಯಿಲ್ಲದ ಕೊಂಬೆಗಳನ್ನು ಪೂರ್ತಿ ಒಣಗಿಸಿ, ಸಸಿಗಳ ಸುತ್ತ ಮೇಕೆ ತಡೆಯಲು ಇಟ್ಟೆವು. ಹಸಿಯಾಗಿ ಹಾಕಿದರೆ ಅದೇ ಬೇರು ಬಿಡುತ್ತದೆ.

2022ರಲ್ಲಿ ಮಳೆ ಚೆನ್ನಾಗಿ ಆಯಿತು. 2023 ಪರೀಕ್ಷೆಯ ವರ್ಷ. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಜನವರಿಯಿಂದ ಮೇವರೆಗೆ ವಾರಕ್ಕೊಂದು ಸಲ ಸಸಿಯ ಪಕ್ಕ ಹೂತಿಟ್ಟ ಮಡಕೆಗಳಿಗೆ ಮಕ್ಕಳು ನೀರು ತುಂಬಿದರು. ತಳದಲ್ಲಿ ಸಣ್ಣ ತೂತಿಗೆ ಬತ್ತಿ ಹಾಕಿದ ಹಳೇ ಮಡಕೆ. ನೀರು ಬೇರಿಗೆ ಮಾತ್ರ ತೊಟ್ಟಿಕ್ಕುತ್ತದೆ. 2024ರ ಜೂನಿನಲ್ಲಿ ಎಣಿಸಿದಾಗ ಇನ್ನೂರರಲ್ಲಿ ನೂರಾ ನಲವತ್ತೊಂದು ಬದುಕಿದ್ದವು. ತಂಗಡಿ ಅರವತ್ತಕ್ಕೆ ಐವತ್ತೊಂದು ಉಳಿದಿತ್ತು. ಬೇವು ಹದಿನೈದಕ್ಕೆ ಆರು. ಬರಗಾಲದ ಗಿಡ ಎಂದು ನಾವು ನಂಬಿದ್ದ ಬೇವೂ ಆಳಕ್ಕೆ ಬೇರು ಬಿಡಲು ಜಾಗವಿಲ್ಲದ ಕಡೆ ಸೋತಿತು.

ಆದರೆ ಗಿಡ ಎಣಿಸಿದ ಮಾತ್ರಕ್ಕೆ ಮಣ್ಣಾಯಿತೇ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಕೀನ್ಯಾದ ಮೊಂಬಾಸಾ ಹತ್ತಿರದ ಒಂದು ಕಥೆ ಹೇಳಬೇಕು. ಅಲ್ಲಿ ಬಂಬುರಿ ಎಂಬ ಸಿಮೆಂಟ್ ಕಾರ್ಖಾನೆಯವರು ಹವಳದ ಸುಣ್ಣಕಲ್ಲು ತೆಗೆದು ಬಿಟ್ಟ ಬಯಲಿನಲ್ಲಿ 1971ರಲ್ಲಿ ರೆನೆ ಹಾಲರ್ ಎಂಬವರು ಇಪ್ಪತ್ತಾರು ಜಾತಿಯ ಮರ ನೆಟ್ಟು ನೋಡಿದರು. ಉಳಿದದ್ದು ಮೂರೇ ಜಾತಿ. ಅವುಗಳಲ್ಲಿ ಸರ್ವೆ ಮರ ಚೆನ್ನಾಗಿ ಬೆಳೆಯಿತು. ಆದರೆ ಅದರ ಸೂಜಿಯಂಥ ಎಲೆಗಳು ಉದುರಿ ಚಾಪೆಯಂತೆ ಬಿದ್ದವೇ ಹೊರತು ಕೊಳೆಯಲಿಲ್ಲ. ತಿನ್ನುವವರೇ ಅಲ್ಲಿರಲಿಲ್ಲ. ಆಗ ಅವರು ಸಹಸ್ರಪದಿಗಳನ್ನು, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಆ ಹುಳುಗಳನ್ನು, ತಂದು ಬಿಟ್ಟರು. ಅವು ಎಲೆ ತಿಂದು ಹಿಕ್ಕೆ ಹಾಕಿ ಕಪ್ಪು ಮಣ್ಣು ಮಾಡಿದವು. ಇವತ್ತು ಆ ಬಯಲು ಹಾಲರ್ ಉದ್ಯಾನ ಎಂಬ ಕಾಡು.

ಅದನ್ನು ಓದಿದ ಮೇಲೆ ನಾವೂ ಎಲೆಯ ಕೆಳಗೆ ನೋಡಲು ಕಲಿತೆವು. ಮೊದಲ ವರ್ಷ ಹಾಸಿದ ಸೆಣಬಿನ ಕಡ್ಡಿ ಹಾಗೇ ಒಣಗಿ ಬಿದ್ದಿತ್ತು. ಎರಡನೆಯ ಮಳೆಗಾಲದಲ್ಲಿ ಗೆದ್ದಲು ಬಂತು. ಮೂರನೆಯ ವರ್ಷ, ಹೊಂಗೆಯ ಬುಡದಲ್ಲಿ ಒಣ ಎಲೆ ಸರಿಸಿದಾಗ ಮೊಮ್ಮಗಳು ಕೂಗಿದಳು, "ತಾತ, ಚಕ್ಕುಲಿ ಹುಳ!" ಅದರ ಕೆಳಗೆ ಬೆರಳುಗುರಿನಷ್ಟು ದಪ್ಪ ಕಪ್ಪು ಪದರ. ಹೊರಗಿನಿಂದ ತಂದದ್ದಲ್ಲ, ಇಲ್ಲೇ ಆದ ಮಣ್ಣು.

ಇಷ್ಟಾದರೂ ಗುಡ್ಡ ವಾಪಸು ಬಂದಿಲ್ಲ, ಬರುವುದೂ ಇಲ್ಲ. ಕ್ವಾರಿಯ ನೇರ ಗೋಡೆಗೆ ಮಣ್ಣು ಅಂಟಿಸಲಾಗದು. ಅದನ್ನು ಹಾಗೇ ಬಿಟ್ಟಿದ್ದೇವೆ. ಹಕ್ಕಿ ತಂದ ಬೀಜದಿಂದ ಅದರ ಬಿರುಕಿನಲ್ಲಿ ಎರಡು ಆಲ, ಒಂದು ಬಸರಿ ತಾವಾಗಿ ಎದ್ದಿವೆ. ಕಡಿದಾದ ಕಲ್ಲುರಾಶಿಗೆ ಮೊದಲು ಯಂತ್ರ ತರಿಸಿ ಇಳಿಜಾರು ಮಾಡಬೇಕು, ಇಲ್ಲದಿದ್ದರೆ ಮಳೆಗೆ ಕಲ್ಲು ಉರುಳುತ್ತಲೇ ಇರುತ್ತದೆ. ಅದಕ್ಕೆ ನಮ್ಮಲ್ಲಿ ಹಣವಿರಲಿಲ್ಲ, ಆ ಭಾಗ ಮುಟ್ಟಿಲ್ಲ. ಸತ್ತ ಐವತ್ತೊಂಬತ್ತು ಗುಂಡಿಗಳಲ್ಲಿ ಈ ಮೇ ತಿಂಗಳು ಮತ್ತೆ ಸೆಣಬು ಬಿತ್ತಿದ್ದಾರೆ. ಈ ಸಲ ಬೀಜ ಅಳೆದು ಕೊಟ್ಟದ್ದು, ಗುಂಡಿ ಹಂಚಿದ್ದು, ಪುಸ್ತಕದಲ್ಲಿ ಬರೆದದ್ದು ಎಲ್ಲ ಏಳನೆಯ ತರಗತಿಯ ಮಕ್ಕಳೇ. ನೇರಳೆ ಸಸಿ ಯಾವಾಗ ಎಂದು ಅವರನ್ನು ಕೇಳಿದೆ. ಎಲೆಯ ಕೆಳಗಿನ ಕಪ್ಪು ಪದರ ಎರಡು ಬೆರಳಿನಷ್ಟಾಗಲಿ, ಆಮೇಲೆ ಎಂದರು.